ಇಂಡಕ್ಟಿವ್ ಕಿಕ್: ಕಾಯಿಲ್ ಒದೆಯುವುದು ಏಕೆ?

ಮೇಲಿನ ಟ್ಯಾಂಕ್ ತುಂಬಿ ಚೆಲ್ಲುತ್ತಿದ್ದರೂ ಮೋಟಾರ್ ನಿಲ್ಲುತ್ತಿಲ್ಲ ಎಂದು ನೆರೆಮನೆಯವರು ತಮ್ಮ ವಾಟರ್ ಲೆವೆಲ್ ಕಂಟ್ರೋಲರ್ ತಂದುಕೊಟ್ಟಿದ್ದರು. ರಿಲೇ ಸರಿಯಾಗಿತ್ತು. ಅದನ್ನು ನಡೆಸುವ BC547 ಟ್ರಾನ್ಸಿಸ್ಟರ್ ಮಾತ್ರ, ಮಲ್ಟಿಮೀಟರ್ ಕಡ್ಡಿಗಳನ್ನು ಹೇಗೆ ಇಟ್ಟರೂ, ಕಲೆಕ್ಟರ್‌ನಿಂದ ಎಮಿಟರ್‌ಗೆ ಶಾರ್ಟ್ ತೋರಿಸುತ್ತಿತ್ತು. ಬೋರ್ಡಿನಲ್ಲಿ ರಿಲೇ ಕಾಯಿಲ್‌ಗೆ ಅಡ್ಡಲಾಗಿ ಇರಬೇಕಿದ್ದ ಡಯೋಡ್ ಇರಲೇ ಇಲ್ಲ. ಟ್ರಾನ್ಸಿಸ್ಟರನ್ನು ಕೊಂದದ್ದು ಕಾಯಿಲ್‌ನ ಒದೆತ.

ತಂತಿಯ ಸುರುಳಿಯಲ್ಲಿ ಕರೆಂಟ್ ಹರಿಯುವಾಗ ಅದರ ಸುತ್ತಲಿನ ಕಾಂತಕ್ಷೇತ್ರದಲ್ಲಿ ಶಕ್ತಿ ಕೂಡಿರುತ್ತದೆ. ಅದರ ಲೆಕ್ಕ ½LI². 12 ವೋಲ್ಟಿನ ಸಣ್ಣ ರಿಲೇ ಕಾಯಿಲ್‌ನ ರೋಧ 400 ಓಮ್ ಎಂದರೆ ಕರೆಂಟ್ 30 ಮಿಲಿಆಂಪಿಯರ್. ಇಂಡಕ್ಟನ್ಸ್ ಅರ್ಧ ಹೆನ್ರಿ ಎಂದಿಟ್ಟುಕೊಂಡರೆ ಕೂಡಿರುವ ಶಕ್ತಿ 0.225 ಮಿಲಿಜೌಲ್. ಕೇಳಲು ಏನೂ ಅಲ್ಲ.

ಆದರೆ ಟ್ರಾನ್ಸಿಸ್ಟರ್ ಆಫ್ ಆದ ಕ್ಷಣವೂ ಆ 30 ಮಿಲಿಆಂಪಿಯರ್ ಹರಿಯುತ್ತಲೇ ಇರುತ್ತದೆ, ಅದೂ ಮೊದಲಿನ ದಿಕ್ಕಿನಲ್ಲೇ. ತಿರುಗುವುದು ಕರೆಂಟ್ ಅಲ್ಲ, ಕಾಯಿಲ್‌ನ ವೋಲ್ಟೇಜ್. ಇಲ್ಲಿಯೇ ಬಹಳ ಜನ ತಪ್ಪುತ್ತಾರೆ. ದಾರಿ ಮುಚ್ಚಿದ್ದರಿಂದ ಕರೆಂಟ್ ಕಾಯಿಲ್‌ನ ಸುತ್ತುಗಳ ನಡುವೆ, ಟ್ರಾನ್ಸಿಸ್ಟರ್‌ನೊಳಗೆ ತಾನಾಗಿ ಇರುವ ಅತಿ ಸಣ್ಣ ಕೆಪಾಸಿಟನ್ಸ್‌ಗೆ ತುಂಬಿಕೊಳ್ಳುತ್ತದೆ. ಅದು 100 ಪಿಕೊಫ್ಯಾರಡ್ ಎನ್ನೋಣ. ಇಡೀ ಶಕ್ತಿ ಅಷ್ಟು ಚಿಕ್ಕ ಜಾಗಕ್ಕೆ ಇಳಿದರೆ ವೋಲ್ಟೇಜ್ ಸುಮಾರು 2,100ಕ್ಕೆ ಏರಬೇಕು. ಅಲ್ಲಿಯವರೆಗೆ ಅದು ಹೋಗುವುದೇ ಇಲ್ಲ, ಏಕೆಂದರೆ BC547 ತಾಳುವ ಮಿತಿ 45 ವೋಲ್ಟ್. ಅದನ್ನು ಮೀರಿ ಸ್ವಲ್ಪ ಏರುತ್ತಲೇ ಟ್ರಾನ್ಸಿಸ್ಟರ್ ಬ್ರೇಕ್‌ಡೌನ್ ಆಗಿ ಕರೆಂಟಿಗೆ ದಾರಿ ಬಿಡುತ್ತದೆ. ಒಂದೇ ಹೊಡೆತಕ್ಕೆ ಸಾಯಬೇಕೆಂದಿಲ್ಲ, ಸಾವಿರಾರು ಸಲ ತಿಂದ ಮೇಲೂ ಸಾಯಬಹುದು. ಹಾಗಾಗಿಯೇ ಡಯೋಡ್ ಇಲ್ಲದ ಬೋರ್ಡ್ ತಿಂಗಳುಗಟ್ಟಲೆ ನಡೆದು ನಮ್ಮನ್ನು ನಂಬಿಸುತ್ತದೆ.

ಮದ್ದು ಒಂದು 1N4007 ಡಯೋಡ್. ಅದರ ಬೆಳ್ಳಿ ಪಟ್ಟಿಯಿರುವ ತುದಿ ಕಾಯಿಲ್‌ನ 12 ವೋಲ್ಟ್ ಬದಿಗೆ, ಇನ್ನೊಂದು ತುದಿ ಕಲೆಕ್ಟರ್ ಬದಿಗೆ. ಆಫ್ ಮಾಡಿದಾಗ ಕರೆಂಟ್ ಡಯೋಡ್ ಮೂಲಕ ಕಾಯಿಲ್‌ಗೇ ಸುತ್ತಿ ಬರುತ್ತದೆ. ಕಲೆಕ್ಟರ್ ಹೆಚ್ಚೆಂದರೆ 12.7 ವೋಲ್ಟ್ ಕಾಣುತ್ತದೆ. ಉಲ್ಟಾ ಹಾಕಿದರೆ ಆನ್ ಮಾಡಿದೊಡನೆ ಸಪ್ಲೈ ಡಯೋಡ್ ಮೂಲಕ ನೇರವಾಗಿ ಟ್ರಾನ್ಸಿಸ್ಟರ್‌ಗೆ ನುಗ್ಗುತ್ತದೆ, ಅದನ್ನು ಸುಡುತ್ತದೆ.

ಇದಕ್ಕೂ ಒಂದು ಬೆಲೆಯಿದೆ. ಡಯೋಡ್ ಇದ್ದಾಗ ಶಕ್ತಿ ಬಹುಪಾಲು ಕಾಯಿಲ್‌ನ ರೋಧದಲ್ಲಿಯೇ ನಿಧಾನವಾಗಿ ಬಿಸಿಯಾಗಿ ಹೋಗುತ್ತದೆ. L/R ಲೆಕ್ಕದಲ್ಲಿ ಕರೆಂಟ್ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯಲು 1.25 ಮಿಲಿಸೆಕೆಂಡ್ ಬೇಕು. ರಿಲೇ ತಡವಾಗಿ, ಮೆಲ್ಲಗೆ ಬಿಡುತ್ತದೆ, ಮೋಟಾರಿನ ಭಾರ ಹೊತ್ತ ಕಾಂಟ್ಯಾಕ್ಟ್‌ಗಳಲ್ಲಿ ಕಿಡಿ ಹೆಚ್ಚು ಹೊತ್ತು ನಿಂತು ಅವು ಬೇಗ ಸವೆಯುತ್ತವೆ. ಡಯೋಡ್‌ನೊಂದಿಗೆ ಸರಣಿಯಲ್ಲಿ, ಎದುರು ದಿಕ್ಕಿಗೆ, 24 ವೋಲ್ಟಿನ ಜೀನರ್ ಒಂದನ್ನು ಸೇರಿಸಿದರೆ ಕಲೆಕ್ಟರ್ ಸುಮಾರು 37 ವೋಲ್ಟಿಗೆ ಏರಿ ನಿಲ್ಲುತ್ತದೆ, ಕರೆಂಟ್ ಬಹಳ ಬೇಗ ಸಾಯುತ್ತದೆ. ನೆರೆಮನೆಯ ಬೋರ್ಡಿಗೆ ನಾನು ಹಾಕಿದ್ದು ಆ ಜೋಡಿಯನ್ನೇ.