ಒಂಬತ್ತು ನಿಮಿಷದ ಲೆಕ್ಕ

ಮೈಸೂರಿನಲ್ಲಿ ಇನ್ನೂ ಬೀದಿದೀಪಗಳು ಆರಿರಲಿಲ್ಲ. ನಮ್ಮ ಬಡಾವಣೆಯ 10 ಕಿ.ಮೀ. ಓಟಕ್ಕೆ ನೆರೆದವರ ಎದುರು ನಿವೃತ್ತ ವ್ಯಾಯಾಮ ಶಿಕ್ಷಕರೊಬ್ಬರು ಮೈಕು ಹಿಡಿದು ನಿಂತರು. "ಆರು ಗಂಟೆಗೆ ಬಿಡುತ್ತೇವೆ. ಏಳೂವರೆಗೆ ಮುಗಿಸಿರಬೇಕು, ಆಮೇಲೆ ರಸ್ತೆ ವಾಹನಗಳಿಗೆ. ಕಿಲೋಮೀಟರಿಗೆ ಒಂಬತ್ತು ನಿಮಿಷ ಎಂದು ಲೆಕ್ಕ ಹಾಕಿಕೊಂಡು ಬಂದವರು ಕೈ ಎತ್ತಿ." ಅರ್ಧಕ್ಕರ್ಧ ಜನ ಎತ್ತಿದರು. "ನೀವ್ಯಾರೂ ಹೊತ್ತಿಗೆ ತಲುಪುವುದಿಲ್ಲ" ಎಂದುಬಿಟ್ಟರು ಮೇಷ್ಟ್ರು.

ಅವರ ಮಾತು ನಿಜವೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಕೈಗಡಿಯಾರದಲ್ಲಿ ಒಂಬತ್ತು ನಿಮಿಷದ ವೇಗವನ್ನು ಚಾಚೂ ತಪ್ಪದೆ ಕಾಯ್ದುಕೊಂಡೂ ಏಳು ಮೂವತ್ತೈದರ ಹೊತ್ತಿಗೆ ತಲುಪಿದ್ದವನು ನಾನು.

ಗಡುವಿನ ಲೆಕ್ಕ ಶುರುವಾಗುವುದು ಸೀಟಿ ಊದಿದಾಗ, ನಾವು ಗೆರೆ ದಾಟಿದಾಗಲ್ಲ. ಗುಂಪಿನ ಹಿಂದಿದ್ದ ನನಗೆ ಗೆರೆ ಮುಟ್ಟಲು ಮೂರು ನಿಮಿಷ ಹಿಡಿದಿತ್ತು. ಇನ್ನು ದೂರ. ದಾರಿಯನ್ನು ಅಳೆಯುವವರು ತಿರುವುಗಳಲ್ಲಿ ಒಳ ಅಂಚಿಗೆ ಅಂಟಿಕೊಂಡು, ಓಡಲು ಸಾಧ್ಯವಾದ ಅತಿ ಚಿಕ್ಕ ಹಾದಿಯನ್ನೇ ಅಳೆಯುತ್ತಾರೆ. ಓಡುವವರು ಹಾಗೆ ಓಡುವುದಿಲ್ಲ. ನಮ್ಮೂರಿನಲ್ಲಿ ವೃತ್ತಗಳಿಗೇನು ಬರವೇ? ಒಂದು ವೃತ್ತವನ್ನು ಅರ್ಧ ಸುತ್ತುವಾಗ ಆರು ಮೀಟರ್ ಹೊರಗೆ ಸರಿದರೆ ಸುಮಾರು 19 ಮೀಟರ್ ಹೆಚ್ಚು ಓಡಿದ ಹಾಗೆ. ಜನರನ್ನು ಬಳಸಿಕೊಂಡು ಹೋದದ್ದು, ಮರಗಳ ಕೆಳಗೆ ಉಪಗ್ರಹದ ಸಂಕೇತ ತಡವರಿಸಿದ್ದು ಎಲ್ಲ ಸೇರಿ ನನ್ನ ಗಡಿಯಾರ 10.2 ಕಿ.ಮೀ. ತೋರಿಸಿತ್ತು. ಒಂಬತ್ತರಂತೆ ಅದಕ್ಕೇ ಸುಮಾರು 92 ನಿಮಿಷ, ಮೇಲೆ ಆ ಮೂರು.

"ಉಳಿದದ್ದು 87 ನಿಮಿಷ, ಗಡಿಯಾರದ ದೂರ 10.2. ಎಂಟೂವರೆ ನಿಮಿಷ ಹಿಡಿಯಿರಿ" ಎಂದರು ಮೇಷ್ಟ್ರು. ಹಾಗಾದರೆ ಮೊದಲ ಕಿಲೋಮೀಟರಿನಲ್ಲೇ ಎರಡು ನಿಮಿಷ ಉಳಿಸಿಕೊಳ್ಳಬಹುದಲ್ಲ ಎಂದು ಹುಡುಗನೊಬ್ಬ ಕೇಳಿದ. ಎಲ್ಲರೂ ಮುಗ್ಗರಿಸುವುದು ಇಲ್ಲೇ.

ಓಟ ಶುರುವಾದೊಡನೆ ಸ್ನಾಯುಗಳ ಬೇಡಿಕೆ ಥಟ್ಟನೆ ಏರುತ್ತದೆ, ಆದರೆ ಅವು ಆಮ್ಲಜನಕವನ್ನು ಬಳಸುವ ಪ್ರಮಾಣ ಅದಕ್ಕೆ ಸರಿಸಮ ಬರಲು ಎರಡು ಮೂರು ನಿಮಿಷ ಬೇಕು. ಅಷ್ಟರವರೆಗೆ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಕ್ರಿಯೇಟಿನ್ ಫಾಸ್ಫೇಟನ್ನು ಖರ್ಚು ಮಾಡುತ್ತವೆ, ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆಯುತ್ತವೆ. ಏದುಸಿರು ಇನ್ನೂ ಬಂದಿಲ್ಲವಾದ್ದರಿಂದ ಆರೂವರೆ ನಿಮಿಷದ ವೇಗವೂ ಹಗುರವೆನಿಸುತ್ತದೆ. ಆ ವೇಗ ನಮ್ಮ ಶಕ್ತಿಗೆ ಮೀರಿದ್ದಾದರೆ ಸ್ನಾಯುಗಳಲ್ಲಿ ಆಮ್ಲೀಯತೆ ಏರಿ, ಎರಡನೇ ಕಿಲೋಮೀಟರಿನಲ್ಲಿ ಉಸಿರು ಉಕ್ಕಿ ಬರುತ್ತದೆ. ಆಗ ನಡೆಯಲು ಶುರುವಿಟ್ಟರೆ ಕಿಲೋಮೀಟರಿಗೆ ಹನ್ನೆರಡು ನಿಮಿಷ. ಉಳಿಸಿದ ಎರಡು ನಿಮಿಷ ಅರ್ಧ ಗಂಟೆಯೊಳಗೆ ಕರಗಿರುತ್ತದೆ.

"ಮೊದಲ ಕಿಲೋಮೀಟರಿನ ಕೊನೆಗೆ ಪಕ್ಕದವರಿಗೆ ನಿಮ್ಮ ಮನೆಯ ವಿಳಾಸ ಪೂರ್ತಿ ಹೇಳಿ" ಎಂದರು ಮೇಷ್ಟ್ರು. "ನಡುವೆ ಎರಡು ಸಲ ಉಸಿರೆಳೆದುಕೊಳ್ಳಬೇಕಾಯಿತೆಂದರೆ ವೇಗ ಇಳಿಸಿ."

ನಾನು ಸರಸ್ವತಿಪುರಂ ವಿಳಾಸವನ್ನು ಪಿನ್‌ಕೋಡ್ ಸಮೇತ ಹೇಳಿದೆ. ಪಕ್ಕದ ಹೆಂಗಸು ನಕ್ಕು ಮುಂದೆ ಹೋದರು. ಗೆರೆ ದಾಟಿದಾಗ ಏಳು ಇಪ್ಪತ್ತೊಂಬತ್ತು.