ಹದಿನೈದು ನಿಮಿಷದ ಪಿಸಿಆರ್‌ನಲ್ಲಿ ಬೆಳಗಿನ ಲೆಕ್ಕ ಏಕೆ ಸೇರಿಕೊಳ್ಳುತ್ತದೆ?

ಆಪ್ಷನ್ ವಹಿವಾಟು ಮಾಡುವವರಿಗೆ ಲೆಕ್ಕದ ಹಾಳೆ ಸಿದ್ಧಪಡಿಸಿ ಕೊಡುವುದು ನನ್ನ ಕೆಲಸ. ವಾರದಲ್ಲಿ ಇಬ್ಬರಾದರೂ ಒಂದೇ ದೂರು ತರುತ್ತಾರೆ: "ಸಾರ್, ಹದಿನೈದು ನಿಮಿಷಕ್ಕೊಮ್ಮೆ ಆಪ್ಷನ್ ಚೈನ್ ಇಳಿಸಿಕೊಂಡು ಪಿಸಿಆರ್ ಹಾಕ್ತಿದ್ದೀನಿ. ಬೆಳಗ್ಗೆ ಚೆನ್ನಾಗಿ ಏರಿಳಿಯುತ್ತೆ, ಊಟದ ಹೊತ್ತಾದ ಮೇಲೆ ಅಲ್ಲಾಡೋದೇ ಇಲ್ಲ." ಹಾಳೆ ತೆರೆದು ನೋಡಿದರೆ ಪ್ರತಿ ಸಲವೂ ಅದೇ ತಪ್ಪು. ಎನ್‌ಎಸ್‌ಇ ಆಪ್ಷನ್ ಚೈನಿನ `VOLUME` ಕಾಲಮ್ಮಿನಲ್ಲಿರುವುದು ಆ ಹದಿನೈದು ನಿಮಿಷದ ವಹಿವಾಟು ಎಂದು ಅವರು ತಿಳಿದಿರುತ್ತಾರೆ. ಅದು ಬೆಳಗ್ಗೆ 9:15ರಿಂದ ಆ ಕ್ಷಣದವರೆಗೆ ಕೂಡುತ್ತ ಬಂದ ಮೊತ್ತ.

ಪಿಸಿಆರ್‌ಗೆ ಪುಟ್‌ಗಳನ್ನು ಕಾಲ್‌ಗಳಿಂದ ಭಾಗಿಸುವುದು ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ವಿವರಿಸುವುದಿಲ್ಲ. ಎಡವುವುದು ಎಲ್ಲಿ ಎಂದರೆ, ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕುಳಿತ ಮೂರು ಸಂಖ್ಯೆಗಳು ಮೂರು ಬಗೆಯ ಅಳತೆಗಳು ಎಂಬುದು ಮರೆತುಹೋಗುವ ಕಡೆ. `VOLUME` ಮನೆಯ ಕರೆಂಟ್ ಮೀಟರ್ ಇದ್ದ ಹಾಗೆ, ಮುಂದೆ ಓಡುತ್ತದೆಯೇ ಹೊರತು ಹಿಂದೆ ಬರುವುದಿಲ್ಲ. ಈ ತಿಂಗಳು ಎಷ್ಟು ಉರಿಯಿತು ಎಂದು ತಿಳಿಯಲು ಹೋದ ತಿಂಗಳ ರೀಡಿಂಗ್ ಕಳೆಯುತ್ತೇವಲ್ಲ, ಇದನ್ನೂ ಹಾಗೆಯೇ ಕಳೆಯಬೇಕು. `OI`, ಅಂದರೆ ಓಪನ್ ಇಂಟರೆಸ್ಟ್, ಸಂಪಿನ ನೀರಿನ ಮಟ್ಟ. ನೋಡಿದ ಕ್ಷಣದಲ್ಲಿ ಎಷ್ಟಿದೆಯೋ ಅಷ್ಟು, ಏರಬಹುದು, ಇಳಿಯಬಹುದು. ಅದರಿಂದ ಪಿಸಿಆರ್ ಹಾಕಲು ಏನನ್ನೂ ಕಳೆಯಬೇಕಾಗಿಲ್ಲ. ಇನ್ನು `CHNG IN OI` ಎಂದರೆ ನಿನ್ನೆ ಮಾರುಕಟ್ಟೆ ಮುಚ್ಚಿದಾಗ ಇದ್ದ ಮಟ್ಟಕ್ಕೂ ಈಗಿನ ಮಟ್ಟಕ್ಕೂ ಇರುವ ಅಂತರ. ನಿಮ್ಮ ಹಿಂದಿನ ಸ್ನ್ಯಾಪ್‌ಶಾಟಿಗೂ ಅದಕ್ಕೂ ಸಂಬಂಧವಿಲ್ಲ.

ಅಂಕಿ ಇಟ್ಟು ತೋರಿಸದಿದ್ದರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ. ಲೆಕ್ಕ ಸುಲಭವಾಗಲೆಂದು ನಾನೇ ಆರಿಸಿಕೊಂಡ ಸಂಖ್ಯೆಗಳಿವು, ಯಾವುದೋ ದಿನದ ದಾಖಲೆಯಲ್ಲ. ಮಧ್ಯಾಹ್ನ 1:00ಕ್ಕೆ ಕಾಲ್‌ಗಳ ಒಟ್ಟು ವಾಲ್ಯೂಮ್ 200 ಲಕ್ಷ, ಪುಟ್‌ಗಳದ್ದು 180 ಲಕ್ಷ, ಅನುಪಾತ 0.90. 1:15ಕ್ಕೆ ಕಾಲ್ 210, ಪುಟ್ 195. ನೇರವಾಗಿ ಭಾಗಿಸಿದರೆ 0.93, ಏನೂ ಆಗಿಲ್ಲ ಎನಿಸುತ್ತದೆ. ಕಳೆದು ನೋಡಿ. ಆ ಹದಿನೈದು ನಿಮಿಷದಲ್ಲಿ ಕಾಲ್ 10 ಲಕ್ಷ, ಪುಟ್ 15 ಲಕ್ಷ, ಅನುಪಾತ 1.50.

ಇದೇ 10 ಮತ್ತು 15 ಲಕ್ಷದ ವಹಿವಾಟು ಬೆಳಗ್ಗೆ ನಡೆದಿದ್ದರೆ? 10:00ಕ್ಕೆ ಕಾಲ್ 60, ಪುಟ್ 54 ಇತ್ತೆನ್ನೋಣ, ಅಲ್ಲೂ 0.90. 10:15ಕ್ಕೆ 70 ಮತ್ತು 69 ಆಗುತ್ತದೆ, ಅನುಪಾತ 0.99. ಒಂದೇ ಪ್ರಮಾಣದ ವಹಿವಾಟು ಬೆಳಗ್ಗೆ ಗೆರೆಯನ್ನು 0.09 ಎತ್ತಿತು, ಮಧ್ಯಾಹ್ನ 0.03 ಮಾತ್ರ. ಊಟದ ನಂತರ ಪಿಸಿಆರ್ ಅಲ್ಲಾಡದೇ ಇರುವುದಕ್ಕೆ ಕಾರಣ ಇದು. ಮಾರುಕಟ್ಟೆ ತಣ್ಣಗಾಗಿರುವುದಿಲ್ಲ, ನೀವು ಭಾಗಿಸುವ ರಾಶಿ ಗಂಟೆಗಂಟೆಗೂ ಭಾರವಾಗಿರುತ್ತದೆ.

ಓಪನ್ ಇಂಟರೆಸ್ಟಿನ ಕಡೆಯ ಗೊಂದಲ ಇದರ ತದ್ವಿರುದ್ಧ. ನಿನ್ನೆ ಮುಚ್ಚುವಾಗ ಕಾಲ್ ಓಐ 60 ಲಕ್ಷ, ಪುಟ್ 58 ಲಕ್ಷ. ಇಂದು 1:00ಕ್ಕೆ 80 ಮತ್ತು 72. 1:15ಕ್ಕೆ 81 ಮತ್ತು 75. ಈಗ ಯಾರಾದರೂ "1:15ರ ಪಿಸಿಆರ್ ಎಷ್ಟು?" ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ಮಟ್ಟದ ಮೇಲೆ 75 ಭಾಗ 81, ಅಂದರೆ 0.93. `CHNG IN OI` ಮೇಲೆ 17 ಭಾಗ 21, ಅಂದರೆ 0.81. ಕೊನೆಯ ಹದಿನೈದು ನಿಮಿಷದ ಬದಲಾವಣೆಯ ಮೇಲೆ 3 ಭಾಗ 1, ಅಂದರೆ 3.00. ಮೂರೂ ಸರಿಯಾದ ಲೆಕ್ಕವೇ, ಉತ್ತರಿಸುವ ಪ್ರಶ್ನೆ ಬೇರೆ ಬೇರೆ. ಒಬ್ಬರು 0.81 ಎಂದೂ ಇನ್ನೊಬ್ಬರು 3.00 ಎಂದೂ ವಾದ ಮಾಡುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಇಬ್ಬರೂ ಹಣ ಹಾಕಿಯೇ ವಾದ ಮಾಡುತ್ತಿರುತ್ತಾರೆ.

ಇವುಗಳಲ್ಲಿ ಕೊನೆಯದನ್ನು, ಅಂದರೆ ಓಐ ಬದಲಾವಣೆಯ ಅನುಪಾತವನ್ನು, ಬಳಸಬೇಡಿ ಎಂದೇ ಹೇಳುತ್ತೇನೆ. ಬದಲಾವಣೆ ಋಣವೂ ಆಗಬಹುದು. ಪುಟ್ ಓಐ 3 ಏರಿ ಕಾಲ್ ಓಐ 2 ಇಳಿದರೆ ಅನುಪಾತ −1.5 ಬರುತ್ತದೆ, ಅದಕ್ಕೆ ಅರ್ಥವೇ ಇಲ್ಲ. ಪುಟ್ 4 ಇಳಿದು ಕಾಲ್ 2 ಇಳಿದರೆ ಉತ್ತರ 2.0. ಪುಟ್ ಕಡೆ ತುಂಬಿಕೊಳ್ಳುತ್ತಿದೆ ಎಂಬಂತೆ ಕಾಣುತ್ತದೆ, ನಿಜದಲ್ಲಿ ಎರಡೂ ಕಡೆಯವರು ಪೊಸಿಷನ್ ಬಿಟ್ಟು ಹೊರಡುತ್ತಿದ್ದಾರೆ. ಆದ್ದರಿಂದ ಬದಲಾವಣೆಯನ್ನು ಭಾಗಿಸದೆ ಎರಡು ಕಾಲಮ್ಮುಗಳಲ್ಲಿ ಹಾಗೆಯೇ ಬರೆದಿಡಿ, ಚಿಹ್ನೆಯೂ ಉಳಿಯಲಿ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ, ಲೆಕ್ಕ ಬಲ್ಲವರನ್ನೂ ಹಿಡಿಯುತ್ತದೆ. ಶಿರಸಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ನನ್ನ ಹಳೆಯ ಗ್ರಾಹಕರು. ದೂರದ ಸ್ಟ್ರೈಕುಗಳು ಬೇಡವೆಂದು, ನಿಫ್ಟಿ ಎಲ್ಲಿದೆಯೋ ಅದರ ಹತ್ತಿರದ ಸ್ಟ್ರೈಕುಗಳನ್ನಷ್ಟೇ ಕೂಡಿಸಿ ಪಿಸಿಆರ್ ಹಾಕುತ್ತಿದ್ದರು. ಒಂದು ದಿನ ಫೋನು: "ಮಾರಾಯ್ರೆ, ನಿಫ್ಟಿ ನೂರು ಪಾಯಿಂಟ್ ಏರಿದೆ, ಪಿಸಿಆರ್ ಅರ್ಧಕ್ಕಿಂತ ಕೆಳಗೆ ಬಿದ್ದಿದೆ. ದೊಡ್ಡವರು ಕಾಲ್ ರೈಟ್ ಮಾಡ್ತಾ ಇದ್ದಾರೆ, ಅಲ್ವಾ?" ನಾನು ಹಾಳೆ ಕಳಿಸಿ ಎಂದೆ. ಅದು ಬರುವಷ್ಟರಲ್ಲಿ ಅವರು ಪುಟ್ ಕೊಂಡಾಗಿತ್ತು, ಆ ದಿನ ನಿಫ್ಟಿ ಇಳಿಯಲಿಲ್ಲ.

ಅವರ ಹಾಳೆಯಲ್ಲಿ ಆಗಿದ್ದನ್ನು ಚಿಕ್ಕದಾಗಿ ಕಟ್ಟಿ ತೋರಿಸುತ್ತೇನೆ. ನಡುವಿನ ಸ್ಟ್ರೈಕ್ ಮತ್ತು ಆಚೀಚೆ ಎರಡೆರಡು, ಅಂದರೆ ಐದು ಸ್ಟ್ರೈಕುಗಳ ಕಿಟಕಿ. ಓಐ ಸಾವಿರಗಳಲ್ಲಿದೆ, ಮೊದಲನೆಯದು ಕಾಲ್, ಎರಡನೆಯದು ಪುಟ್.

```
24400   20   90
24450   15   40
24500   60   80
24550   40   30
24600   90   35
24650   45   10
24700  100   15
```

ನಿಫ್ಟಿ 24,510ರಲ್ಲಿದ್ದಾಗ ನಡುವಿನ ಸ್ಟ್ರೈಕ್ 24,500, ಕಿಟಕಿ 24,400ರಿಂದ 24,600. ಕಾಲ್ 225, ಪುಟ್ 275, ಪಿಸಿಆರ್ 1.22. ನಿಫ್ಟಿ 24,610ಕ್ಕೆ ಏರಿತು. ಕಿಟಕಿ ಈಗ 24,500ರಿಂದ 24,700. ಕಾಲ್ 335, ಪುಟ್ 170, ಪಿಸಿಆರ್ 0.51. ಮೇಲಿನ ಪಟ್ಟಿಯಲ್ಲಿ ಒಂದೇ ಒಂದು ಅಂಕಿಯೂ ಬದಲಾಗಿಲ್ಲ ಎಂಬುದನ್ನು ಗಮನಿಸಿ. ಯಾರೂ ಕಾಲ್ ಬರೆದಿಲ್ಲ, ಪುಟ್ ಬಿಟ್ಟಿಲ್ಲ. ಪುಟ್ ತುಂಬಿದ್ದ ಕೆಳಗಿನ ಎರಡು ಸ್ಟ್ರೈಕುಗಳು ಕಿಟಕಿಯಿಂದ ಹೊರಬಿದ್ದವು, ಕಾಲ್ ತುಂಬಿದ್ದ ಮೇಲಿನ ಎರಡು ಒಳಬಂದವು, ಅಷ್ಟೇ. ಸಾಮಾನ್ಯವಾಗಿ ಪುಟ್ ಓಐ ನಡುವಿನ ಸ್ಟ್ರೈಕಿನ ಕೆಳಗೆ, ಕಾಲ್ ಓಐ ಮೇಲೆ ಗುಡ್ಡೆಯಾಗಿರುತ್ತದೆ. ಹಾಗಿರುವವರೆಗೆ ಚಲಿಸುವ ಕಿಟಕಿ ಮಾರುಕಟ್ಟೆ ಏರಿದಾಗಲೆಲ್ಲ ಪಿಸಿಆರ್ ಅನ್ನು ಇಳಿಸುತ್ತದೆ, ಇಳಿದಾಗಲೆಲ್ಲ ಏರಿಸುತ್ತದೆ. ನೀವು ನೋಡುತ್ತಿರುವುದು ನಿಫ್ಟಿಯ ಚಾರ್ಟನ್ನೇ, ತಲೆಕೆಳಗಾಗಿ.

ಪರಿಹಾರ ಸರಳ. ಬೆಳಗಿನ ಮೊದಲ ಸ್ನ್ಯಾಪ್‌ಶಾಟಿನಲ್ಲಿ ಸ್ಟ್ರೈಕುಗಳ ಪಟ್ಟಿಯನ್ನು ಗಟ್ಟಿ ಮಾಡಿ, ಕಿಟಕಿ ಸ್ವಲ್ಪ ಅಗಲವಾಗಿಯೇ ಇರಲಿ, ದಿನವಿಡೀ ಅದನ್ನೇ ಬಳಸಿ. ನಾನು ಕೊಡುವ ಲೆಕ್ಕದ ತಿರುಳು ಇಷ್ಟೇ. `K` ಎಂದರೆ ಆ ಗಟ್ಟಿ ಪಟ್ಟಿ, `prev` ಮತ್ತು `cur` ಎಂದರೆ ಸ್ಟ್ರೈಕನ್ನು ಇಂಡೆಕ್ಸ್ ಮಾಡಿಟ್ಟ ಎರಡು ಸ್ನ್ಯಾಪ್‌ಶಾಟುಗಳು:

```python
def pcr(prev, cur, K):
    a, b = prev.loc[K], cur.loc[K]
    dc = (b.ceVol - a.ceVol).sum()
    dp = (b.peVol - a.peVol).sum()
    vol = dp / dc if dc > 0 else None
    oi = b.peOI.sum() / b.ceOI.sum()
    return oi, vol
```

ಮೊದಲು ಕೂಡಿ ಆಮೇಲೆ ಭಾಗಿಸಿದೆ ಎಂಬುದನ್ನು ನೋಡಿ. ಪ್ರತಿ ಸ್ಟ್ರೈಕಿನ ಅನುಪಾತ ತೆಗೆದು ಅವುಗಳ ಸರಾಸರಿ ಹಾಕಿದರೆ, ಕಾಲ್ 20 ಪುಟ್ 90 ಇರುವ ಬಡ ಸ್ಟ್ರೈಕೊಂದು 4.5 ಎಂದು ಕೂಗಿ ಇಡೀ ಉತ್ತರವನ್ನು ಎಳೆದುಬಿಡುತ್ತದೆ.

ಒಂದು ಸ್ಟ್ರೈಕಿನ ವಾಲ್ಯೂಮ್ ವ್ಯತ್ಯಾಸ ಋಣ ಬಂದರೆ ಅಲ್ಲಿಗೇ ನಿಲ್ಲಿಸಿ. ಮೀಟರ್ ಹಿಂದೆ ಓಡುವುದಿಲ್ಲ, ಫೈಲುಗಳ ಕ್ರಮ ತಪ್ಪಿದೆ ಅಥವಾ ಹಳೆಯ ಪುಟ ಮತ್ತೆ ಬಂದಿದೆ. ಎಲ್ಲ ವ್ಯತ್ಯಾಸವೂ ಸೊನ್ನೆಯಾದರೆ ಒಂದೇ ಚಿತ್ರವನ್ನು ಎರಡು ಸಲ ಉಳಿಸಿಕೊಂಡಿದ್ದೀರಿ. ಇದಕ್ಕೇ ನಿಮ್ಮ ಕಂಪ್ಯೂಟರಿನ ಗಡಿಯಾರವನ್ನು ನಂಬಬೇಡಿ ಎನ್ನುವುದು. ಆಪ್ಷನ್ ಚೈನಿನ ಮೇಲೆಯೇ ಎಕ್ಸ್‌ಚೇಂಜಿನ ಸಮಯ ಬರುತ್ತದೆ, ಡೇಟಾದೊಳಗೆ ಅದು `timestamp`. ಸಾಲಿಗೆ ಆ ಸಮಯವನ್ನೇ ಹಾಕಿ. ಸಿಎಸ್‌ವಿ ಇಳಿಸುವವರು ಇನ್ನೊಂದು ಗಮನಿಸಬೇಕು: ಸಂಖ್ಯೆಗಳ ನಡುವೆ ಅಲ್ಪವಿರಾಮ ಇರುತ್ತದೆ, ಖಾಲಿ ಜಾಗದಲ್ಲಿ ಬರಿ ಗೆರೆ ಇರುತ್ತದೆ. ಎಕ್ಸೆಲ್ ಅದನ್ನು ಅಕ್ಷರ ಎಂದುಕೊಂಡರೆ ಮೊತ್ತದಿಂದ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಪುಟದ ಕೆಳಗೆ ಎಕ್ಸ್‌ಚೇಂಜ್ ಕೊಡುವ ಒಟ್ಟು ಮೊತ್ತದೊಂದಿಗೆ ಎಲ್ಲ ಸ್ಟ್ರೈಕುಗಳ ಮೊತ್ತವನ್ನು ದಿನಕ್ಕೊಮ್ಮೆಯಾದರೂ ತಾಳೆ ನೋಡಿ.

ಎಕ್ಸ್‌ಪೈರಿಯನ್ನೂ ಸಾಲಿನಲ್ಲಿ ಬರೆಯಿರಿ. 2025ರ ಸೆಪ್ಟೆಂಬರಿನಿಂದ ನಿಫ್ಟಿಯ ವಾರದ ಆಪ್ಷನ್‌ಗಳು ಮಂಗಳವಾರ ಮುಗಿಯುತ್ತವೆ. ಬುಧವಾರ ಬೆಳಗ್ಗೆ "ಹತ್ತಿರದ ಎಕ್ಸ್‌ಪೈರಿ" ಎಂದರೆ ಬೇರೆಯೇ ಕಾಂಟ್ರಾಕ್ಟುಗಳು. ಮಂಗಳವಾರದ ಕೊನೆಯ ಪಿಸಿಆರ್‌ಗೂ ಬುಧವಾರದ ಮೊದಲನೆಯದಕ್ಕೂ ಗೆರೆ ಎಳೆದು ಜೋಡಿಸಬಾರದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಬರುವ ಸಂಖ್ಯೆ ಏನು ಹೇಳುವುದಿಲ್ಲ ಎಂಬುದನ್ನು ನಾನು ಹೇಳಲೇಬೇಕು. ಪ್ರತಿ ಕಾಂಟ್ರಾಕ್ಟಿಗೂ ಒಬ್ಬ ಕೊಂಡವನು, ಒಬ್ಬ ಮಾರಿದವನು ಇರುತ್ತಾನೆ. ಪುಟ್ ಓಐ ಏರಿತು ಎಂದರೆ ಭಯದಿಂದ ಕೊಂಡರೋ ಧೈರ್ಯದಿಂದ ಬರೆದರೋ ಎಂದು ಆಪ್ಷನ್ ಚೈನ್ ಹೇಳುವುದಿಲ್ಲ. ಬೆಲೆ ಮತ್ತು ಐವಿ ನೋಡಿ ಊಹಿಸಬಹುದು, ಊಹೆ ಊಹೆಯೇ. ಪಿಸಿಆರ್ ಇಷ್ಟಾದರೆ ಕೊಳ್ಳಿ, ಇಷ್ಟಾದರೆ ಮಾರಿ ಎಂದು ನಾನು ಯಾರಿಗೂ ಗಡಿ ಹಾಕಿ ಕೊಡುವುದಿಲ್ಲ.

ಇನ್ನು ಸ್ನ್ಯಾಪ್‌ಶಾಟ್ ತಪ್ಪಿಹೋದಾಗ ಏನು ಮಾಡುವುದು. 9:15ರಿಂದ 3:30ರವರೆಗೆ ಹದಿನೈದು ನಿಮಿಷದ 25 ಅವಧಿಗಳು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿ ಒಂದೆರಡು ತಪ್ಪುವುದು ಸಹಜ. ನಡುವಿನದನ್ನು ಅರ್ಧರ್ಧ ಹಂಚಿ ತುಂಬಿಸಬೇಡಿ, ಮುಂದಿನ ಸಾಲಿನಲ್ಲಿ ಅವಧಿ 30 ನಿಮಿಷ ಎಂದೇ ಬರೆಯಿರಿ. ಶಿರಸಿಯ ಆ ಗ್ರಾಹಕರ ಹಾಳೆಯಲ್ಲಿ ಈಗ ಅದಕ್ಕೊಂದು ಕಾಲಮ್ಮೇ ಇದೆ. ಮೊನ್ನೆ ಕಳಿಸಿದ್ದರಲ್ಲಿ 2:00ರ ಸಾಲು ಇರಲಿಲ್ಲ, 2:15ರ ಎದುರು "30 ನಿ., ಕರೆಂಟ್ ಇಲ್ಲ" ಎಂದಿತ್ತು.