ನಕ್ಷತ್ರ ಕಂಡ ರಾತ್ರಿಯ ಮಂಜು

"ಸಾರ್, ರಾತ್ರಿ ಆಕಾಶ ತೊಳೆದಿಟ್ಟ ಹಾಗಿತ್ತು. ನಕ್ಷತ್ರ ಎಣಿಸಬಹುದಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಮನೆ ಮುಂದಿನ ಕರೆಂಟ್ ಕಂಬ ಕಾಣಲ್ಲ. ಎಲ್ಲಿಂದ ಬಂತು ಇದು?"

ಮಂಡ್ಯದಲ್ಲಿ ಹವಾಮಾನ ನೋಡುವ ಕೆಲಸ ನನ್ನದು. ಮಾಗಿ ಚಳಿ ಶುರುವಾದರೆ ಈ ಫೋನ್ ತಪ್ಪಿದ್ದಲ್ಲ. ಕೇಳುವವರ ಬಳಿ ಉತ್ತರವೂ ಸಿದ್ಧ ಇರುತ್ತದೆ: ಕನ್ನಂಬಾಡಿ ಕಟ್ಟೆಯಿಂದಲೋ ಕೊಡಗಿನ ಕಡೆಯಿಂದಲೋ ತೇಲಿ ಬಂದಿರಬೇಕು. ಇಲ್ಲ ಸ್ವಾಮಿ. ಬಹಳಷ್ಟು ದಿನ ಅದು ನಿಮ್ಮ ಗದ್ದೆಯಲ್ಲೇ ಹುಟ್ಟಿದ್ದು. ಆಕಾಶ ತಿಳಿಯಾಗಿತ್ತಲ್ಲ, ಅದಕ್ಕೇ ಹುಟ್ಟಿದ್ದು.

ಹಗಲು ಕಾದ ನೆಲ ರಾತ್ರಿಯಿಡೀ ಆ ಶಾಖವನ್ನು ಮೇಲಕ್ಕೆ ಬಿಡುತ್ತಾ ಇರುತ್ತದೆ. ಮೋಡ ಇದ್ದರೆ ಕಂಬಳಿ ಹೊದ್ದ ಹಾಗೆ, ಶಾಖ ಅಷ್ಟು ಬೇಗ ಹೋಗಲ್ಲ. ಮೋಡ ಇಲ್ಲದಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ಎಲ್ಲರೂ ಎಡವುವುದು ಇಲ್ಲೇ. ತಣ್ಣನೆ ಗಾಳಿ ಬಂದು ನೆಲವನ್ನು ತಣ್ಣಗೆ ಮಾಡುವುದಲ್ಲ. ಮೊದಲು ತಣ್ಣಗಾಗುವುದು ನೆಲ, ಆಮೇಲೆ ಅದಕ್ಕೆ ತಾಗಿಕೊಂಡ ಗಾಳಿ. ಆಗ ಕೆಳಗೆ ತಂಪು ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ. ನಂಬಿಕೆ ಬರದಿದ್ದರೆ ಸಂಜೆ ಆಲೆಮನೆ ಹೊಗೆ ನೋಡಿ. ಸ್ವಲ್ಪ ದೂರ ನೆಟ್ಟಗೆ ಏರಿ, ಆಮೇಲೆ ಮೇಲೆ ಹೋಗಲಾರದೆ ಕಬ್ಬಿನ ಗದ್ದೆ ಮೇಲೆ ಚಾಪೆ ಹಾಸಿದಂತೆ ಮಲಗುತ್ತದೆ.

ಗಾಳಿ ತಣ್ಣಗಾದಷ್ಟೂ ಅದು ಆವಿ ಹಿಡಿದುಕೊಳ್ಳುವುದು ಕಡಿಮೆ. ಕಳೆದ ಜನವರಿಯ ಒಂದು ಸಂಜೆ ಏಳಕ್ಕೆ ನಮ್ಮಲ್ಲಿ ಉಷ್ಣಾಂಶ 21 ಡಿಗ್ರಿ, ಇಬ್ಬನಿ ಬಿಂದು 17. ಅಂದರೆ ಆ ಗಾಳಿ ಇನ್ನು ನಾಲ್ಕು ಡಿಗ್ರಿ ಇಳಿದರೆ ಸಾಕು, ಆವಿ ನೀರಾಗಲು ಶುರು. ನಾಲೆಯಲ್ಲಿ ನೀರಿತ್ತು, ಗದ್ದೆ ಒದ್ದೆ, ಮೋಡ ಇಲ್ಲ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹುಲ್ಲಿನ ಮೇಲೆ ಇಬ್ಬನಿ ಬಿದ್ದಿತ್ತು. ಉಷ್ಣಾಂಶ 15ಕ್ಕೆ ಇಳಿದಾಗ ಮಂಜು ಕಟ್ಟಿತು. ಗಾಳಿ ಪೂರ್ತಿ ನಿಂತಿದ್ದರೆ ಬರೀ ಇಬ್ಬನಿಗೇ ಮುಗಿಯುತ್ತಿತ್ತೋ ಏನೋ. ಎಲೆ ಅಲುಗುವಷ್ಟು ಗಾಳಿ ಇದ್ದರೆ ತಂಪು ಸ್ವಲ್ಪ ಮೇಲಕ್ಕೂ ಹರಡುತ್ತದೆ. ಜೋರಾಗಿ ಬೀಸಿದರೆ ಮೇಲಿನ ಒಣ, ಬೆಚ್ಚನೆ ಗಾಳಿ ಬೆರೆತು ಎಲ್ಲ ಕೆಡುತ್ತದೆ.

ಇದು ರೇಡಿಯೇಷನ್ ಫಾಗ್. ಇನ್ನೊಂದು ಅಡ್ವೆಕ್ಷನ್ ಫಾಗ್, ಅದು ನಿಜಕ್ಕೂ ಪ್ರಯಾಣ ಮಾಡುವ ಮಂಜು. ಬೆಚ್ಚಗಿನ ತೇವದ ಗಾಳಿ ತಣ್ಣನೆ ನೀರಿನ ಅಥವಾ ನೆಲದ ಮೇಲೆ ಹಾದು ಬರುವಾಗ ಆಗುತ್ತದೆ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬೇಸಿಗೆಯಲ್ಲೂ ಕಡಲಿಂದ ಒಳಗೆ ನುಗ್ಗುವುದು ಇದೇ. ಅದಕ್ಕೆ ಗಾಳಿ ಬೇಕೇ ಬೇಕು. ಹಗಲು, ರಾತ್ರಿ ಅನ್ನದೆ ದಿನಗಟ್ಟಲೆ ಕೂರಬಲ್ಲದು. ನಮ್ಮದು ಪಾಪ, ಬಿಸಿಲೇರಿದರೆ ಮುಗಿಯಿತು.

ಆದರೆ ಸೂರ್ಯ ಹುಟ್ಟಿದ ತಕ್ಷಣ ಅಲ್ಲ! ಜನವರಿಯಲ್ಲಿ ಇಲ್ಲಿ ಸೂರ್ಯೋದಯ ಹೆಚ್ಚುಕಡಿಮೆ 6:45ಕ್ಕೆ. ಎಳೆ ಬಿಸಿಲಿಗೆ ಇಬ್ಬನಿ ಆವಿಯಾಗಿ ಮೇಲೇಳುತ್ತದೆ, ಗಾಳಿ ಕದಡುತ್ತದೆ. ಆಗ ಮಂಜು ಎಷ್ಟೋ ಸಲ ಇನ್ನೂ ದಟ್ಟವಾಗುತ್ತದೆ. ಆವತ್ತು ಆರೂವರೆಗೆ 200 ಮೀಟರ್ ಕಾಣುತ್ತಿದ್ದದ್ದು ಏಳು ಕಾಲಿಗೆ 60ಕ್ಕೆ ಇಳಿದಿತ್ತು. "ಬೆಳಕಾಯ್ತಲ್ಲ, ಹೊರಡೋಣ" ಅನ್ನುವವರು ಸಿಕ್ಕಿಬೀಳುವುದು ಈ ಹೊತ್ತಲ್ಲೇ.

ತಂಪು ಗಾಳಿ ಭಾರ. ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಅದಕ್ಕೇ ದಿಬ್ಬದ ಮೇಲೆ ರಸ್ತೆ ನಿಚ್ಚಳ, ನಾಲೆ ಸೇತುವೆ ಹತ್ತಿರ ಇಳಿದರೆ ಏನೂ ಕಾಣಲ್ಲ. 80ರಲ್ಲಿ ಹೋಗುವ ಕಾರು, ಚಾಲಕ ನೋಡಿ ಬ್ರೇಕ್ ಒತ್ತಿ, ಒದ್ದೆ ರಸ್ತೆಯಲ್ಲಿ ನಿಲ್ಲುವ ಹೊತ್ತಿಗೆ ಸುಮಾರು 80 ಮೀಟರ್ ಮುಂದೆ ಹೋಗಿರುತ್ತದೆ. ಕಾಣುವುದು 60. ಆ ಇಪ್ಪತ್ತು ಮೀಟರಲ್ಲಿ ಟೈಲ್ ಲೈಟ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಇರಬಹುದು. 50ರಲ್ಲಿದ್ದರೆ 40 ಮೀಟರಲ್ಲಿ ನಿಲ್ಲುತ್ತದೆ. ಹೈ ಬೀಮ್ ಹಾಕಬೇಡಿ. ಆ ಬೆಳಕು ಮಂಜಿನ ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ವಿಮಾನದ್ದು ಬೇರೆ ಲೆಕ್ಕ. ರೇಡಿಯೋ ಸಂಕೇತದಿಂದ ರನ್‌ವೇಗೆ ದಾರಿ ತೋರಿಸುವ ಸಾಮಾನ್ಯ ಐಎಲ್ಎಸ್ ವ್ಯವಸ್ಥೆ ಇದ್ದರೂ ರನ್‌ವೇ ಮೇಲೆ 550 ಮೀಟರ್ ಕಾಣಬೇಕು. ಅದಕ್ಕಿಂತ ಕಡಿಮೆಯಲ್ಲಿ ಇಳಿಯಲು ರನ್‌ವೇ, ವಿಮಾನ, ಪೈಲಟ್ ಮೂರಕ್ಕೂ ಬೇರೆ ಅರ್ಹತೆ ಬೇಕು. ಒಂದು ತಪ್ಪಿದರೂ ಇಳಿಯುವಂತಿಲ್ಲ. ನನ್ನ ತಂಗಿ ಮಗ ದೇವನಹಳ್ಳಿಯಿಂದ ಫೋನ್ ಮಾಡಿ ರೇಗಿದ್ದ: "ಮಾವ, ಇಲ್ಲಿ ಬಿಸಿಲಿದೆ, ಆದ್ರೂ ಫ್ಲೈಟ್ ಇಲ್ಲ." ಅವನನ್ನು ಕರೆದೊಯ್ಯಬೇಕಾದ ವಿಮಾನ ಬೆಳಿಗ್ಗೆ ಇಳಿಯಲಾಗದೆ ಚೆನ್ನೈಗೆ ಹೋಗಿ ಕೂತಿತ್ತು.

ಆ ಕರೆಂಟ್ ಕಂಬದವರು ಹಾಲಿನ ಗಾಡಿ ಓಡಿಸುತ್ತಾರೆ. ಮೊನ್ನೆ ಸಂಜೆ ಮತ್ತೆ ಫೋನ್: "ಹೊಗೆ ಮಲಗಿದೆ ಸಾರ್. ಮೋಡ ಇಲ್ಲ. ನಾಳೆ ಗಾಡಿ ಏಳಕ್ಕೆ ಬಿಡ್ಲಾ?" ಮಧ್ಯರಾತ್ರಿ ಮೋಡ ಬಂದರೆ ಲೆಕ್ಕ ತಪ್ಪಬಹುದು ಅಂತ ಹೇಳಿಯೇ, ಎಂಟೂವರೆ ಮಾಡಿ ಅಂದೆ.